ಬರೀ ಚುಕ್ಕಿಗಳಿಂದ ಮರೀನ್ ಡ್ರೈವ್: ಬರೆದ ಸಾಲು ಚಿತ್ರವಾಗುವ ಬಗೆ

ಮುಂಬಯಿಯ ಕನ್ನಡ ಸಂಘಗಳ ಆಮಂತ್ರಣಗಳನ್ನು ಈಚೆಗೆ ಗಮನಿಸಿದ್ದೀರಾ? ಮಾಟುಂಗಾದಿಂದ ಡೊಂಬಿವಲಿಯವರೆಗೆ, ನಾಡಹಬ್ಬ ಇರಲಿ, ಯಕ್ಷಗಾನ ಇರಲಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಪೋಸ್ಟರ್‌ಗಳಲ್ಲಿ ಕಂಪ್ಯೂಟರ್ ಮಾಡಿದ ಚಿತ್ರಗಳು ಜಾಸ್ತಿಯಾಗಿವೆ. ಅವನ್ನು ಯಾರೂ ಕ್ಯಾಮೆರಾದಲ್ಲಿ ತೆಗೆದಿಲ್ಲ, ಯಾರೂ ಕುಂಚ ಹಿಡಿದು ಬರೆದಿಲ್ಲ. ಯಾರೋ ಒಂದು ಸಾಲು ಟೈಪ್ ಮಾಡಿದರು, ಚಿತ್ರ ಬಂತು. ನೋಡಿದವರು ಕೇಳುವ ಪ್ರಶ್ನೆಗಳು ಮಾತ್ರ ಎಲ್ಲ ಕಡೆ ಒಂದೇ. ಇದು ಇಂಟರ್ನೆಟ್ಟಿನಿಂದ ಹುಡುಕಿ ಅಂಟಿಸಿದ ಚಿತ್ರವಾ? ಹೇಳಿದ್ದು ಅದಕ್ಕೆ ಹೇಗೆ ತಿಳಿಯುತ್ತದೆ? ಇಷ್ಟು ಚೆನ್ನಾಗಿ ಚಿತ್ರ ಮಾಡುವುದಕ್ಕೆ ಕನ್ನಡದ ನಾಲ್ಕು ಅಕ್ಷರ ಯಾಕೆ ಬರುವುದಿಲ್ಲ?

ಇಂಥ ಚಿತ್ರಗಳ ಹಿಂದೆ ಹೆಚ್ಚಾಗಿ ಇರುವುದು ಡಿಫ್ಯೂಷನ್ ಮಾಡೆಲ್, ಅಂದರೆ ಚುಕ್ಕಿಗಳ ಗೊಂದಲದಿಂದ ಚಿತ್ರ ಬಿಡಿಸಲು ಕಲಿತ ಕಂಪ್ಯೂಟರ್ ಪ್ರೋಗ್ರಾಂ. ಇದರಲ್ಲಿ ಹಲವು ಬಗೆಗಳಿವೆ. ನಾನು ಒಂದನ್ನೇ ಹಿಡಿದು ಹೇಳುತ್ತೇನೆ: 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿ. ಅದರ ಒಳಗೇನಿದೆ ಎಂಬುದು ಎಲ್ಲರಿಗೂ ತೆರೆದಿದೆ, ಹಾಗಾಗಿ ಅಂದಾಜಿನ ಮಾತು ಬೇಕಿಲ್ಲ. ನಮ್ಮ ಉದಾಹರಣೆಗೆ ಈ ಸಾಲು ಸಾಕು:

```
a woman in a red saree with a blue umbrella, Marine Drive, monsoon evening
```

ಕೆಂಪು ಸೀರೆಯ ಹೆಂಗಸು, ನೀಲಿ ಕೊಡೆ, ಮರೀನ್ ಡ್ರೈವ್, ಮಳೆಗಾಲದ ಸಂಜೆ. ಇದು ಚಿತ್ರವಾಗುವುದು ಹೇಗೆ?

## ಕಲಿಕೆ ಶುರುವಾಗುವುದು ಚಿತ್ರ ಕೆಡಿಸುವುದರಿಂದ

ಹಿಂದೆ ಟಿವಿಯ ಸಿಗ್ನಲ್ ಹೋದಾಗ ಪರದೆ ತುಂಬ ಚುಕ್ಕಿಗಳು ಕುಣಿಯುತ್ತಿದ್ದವಲ್ಲ, ಅದನ್ನೇ ನಾಯ್ಸ್ ಎನ್ನುತ್ತಾರೆ. ಪ್ರತಿ ಚುಕ್ಕಿಯ ಬೆಲೆ, ಅಂದರೆ ಅದರ ಬೆಳಕನ್ನು ಹೇಳುವ ಸಂಖ್ಯೆ, ತನ್ನಷ್ಟಕ್ಕೆ ಬಂದದ್ದು. ಪಕ್ಕದ ಚುಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಮಾಡೆಲ್‌ಗೆ ಕಲಿಸುವಾಗ ಒಂದು ಒಳ್ಳೆಯ ಫೋಟೋ ತೆಗೆದುಕೊಂಡು ಅದಕ್ಕೆ ನಾಯ್ಸ್ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಎನ್ನುವುದಕ್ಕೆ 1000 ಮಟ್ಟಗಳಿವೆ. ಮೊದಲ ಮಟ್ಟದಲ್ಲಿ ಫೋಟೋ ಕೆಟ್ಟಿದ್ದು ಕಣ್ಣಿಗೇ ಕಾಣುವುದಿಲ್ಲ. ಕೊನೆಯ ಮಟ್ಟದಲ್ಲಿ ಫೋಟೋ ಇತ್ತು ಎನ್ನುವುದೇ ಕಾಣುವುದಿಲ್ಲ. ನಡುವಿನ ಒಂದು ಮಟ್ಟವನ್ನು ಲೆಕ್ಕ ಹಾಕಿ ನೋಡೋಣ. ಫೋಟೋದ ಪಾಲು 0.8, ನಾಯ್ಸ್‌ನ ಪಾಲು 0.6 ಇದೆ ಎಂದುಕೊಳ್ಳಿ. ಒಂದು ಚುಕ್ಕಿಯ ಮೂಲ ಬೆಲೆ 0.5, ಅದರ ಪಾಲಿಗೆ ಬಂದ ನಾಯ್ಸ್ −1. ಬೆರೆಸಿದಾಗ 0.4ರಿಂದ 0.6 ಕಳೆದು −0.2 ಆಗುತ್ತದೆ. ಈಗ ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲಕ್ಕೆ, ಅಂದರೆ ನ್ಯೂರಲ್ ನೆಟ್‌ವರ್ಕ್‌ಗೆ ಇಂಥ ಕೆಟ್ಟ ಚಿತ್ರವನ್ನೂ ಮಟ್ಟದ ಸಂಖ್ಯೆಯನ್ನೂ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ಬೆರೆತ ನಾಯ್ಸ್ ಯಾವುದು?

ಅದು −1 ಎಂದು ಸರಿಯಾಗಿ ಹೇಳಿದರೆ ಮೂಲ ಚುಕ್ಕಿ ತಾನಾಗಿ ವಾಪಸ್ ಸಿಗುತ್ತದೆ. −0.2ಕ್ಕೆ 0.6 ಕೂಡಿಸಿ, 0.8ರಿಂದ ಭಾಗಿಸಿದರೆ 0.5. ತಪ್ಪು ಹೇಳಿದರೆ, ಎಷ್ಟು ತಪ್ಪಿತು ಎಂದು ಅಳೆದು, ನೆಟ್‌ವರ್ಕ್‌ನ ಒಳಗಿನ ಸಂಖ್ಯೆಗಳನ್ನು ಒಂಚೂರು ತಿದ್ದುತ್ತಾರೆ. ಬೇರೆ ಫೋಟೋ, ಬೇರೆ ಮಟ್ಟ, ಬೇರೆ ನಾಯ್ಸ್ ಕೊಟ್ಟು ಮತ್ತೆ ಕೇಳುತ್ತಾರೆ. ಕೋಟಿಗಟ್ಟಲೆ ಸಲ ನಡೆಯುವುದು ಇಷ್ಟೇ. ಚಿತ್ರ ಬರೆಯುವುದನ್ನು ಯಾರೂ ನೇರವಾಗಿ ಕಲಿಸುವುದಿಲ್ಲ. ಆದರೆ ಕೆಟ್ಟ ಫೋಟೋದಲ್ಲಿ ಯಾವುದು ನಾಯ್ಸ್ ಎಂದು ಹೇಳಬೇಕಾದರೆ, ಸೀರೆಯ ನೆರಿಗೆ ಹೇಗಿರುತ್ತದೆ, ಒದ್ದೆ ರಸ್ತೆಯಲ್ಲಿ ದೀಪ ಹೇಗೆ ಹೊಳೆಯುತ್ತದೆ ಎಂಬುದು ಗೊತ್ತಿರಲೇಬೇಕು. ಆ ತಿಳಿವಳಿಕೆ ಹೀಗೆ ಬರುತ್ತದೆ.

ಈ ಯೋಚನೆಯನ್ನು 2015ರಲ್ಲಿ ಜಾಶಾ ಸೋಲ್-ಡಿಕ್‌ಸ್ಟೀನ್ ಮತ್ತು ಸಂಗಡಿಗರು ಮುಂದಿಟ್ಟರು. ಒಂದು ಹನಿ ಶಾಯಿ ನೀರಿನಲ್ಲಿ ಹರಡುವಂಥ ಭೌತಶಾಸ್ತ್ರದ ವಿದ್ಯಮಾನದಿಂದ ಡಿಫ್ಯೂಷನ್ ಎಂಬ ಹೆಸರು ಬಂತು. 2020ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೊನಾಥನ್ ಹೋ, ಅಜಯ್ ಜೈನ್, ಪೀಟರ್ ಅಬ್ಬೀಲ್ ಇದರಿಂದ ನಿಜಕ್ಕೂ ಒಳ್ಳೆಯ ಚಿತ್ರಗಳು ಬರುತ್ತವೆ ಎಂದು ತೋರಿಸಿದರು.

## ಹಾಗಾದರೆ ಇದು ನಕಲು ಹೊಡೆಯುವುದಿಲ್ಲವಾ?

ಅಂಟಿಸುವ ಕೆಲಸ ಇಲ್ಲಿ ನಡೆಯುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಇಂಟರ್ನೆಟ್ಟಿನಿಂದ ಒಟ್ಟು ಮಾಡಿದ ಸುಮಾರು 200 ಕೋಟಿಗೂ ಹೆಚ್ಚು ಚಿತ್ರ-ವಿವರಣೆ ಜೋಡಿಗಳಿಂದ. ಮಾಡೆಲ್‌ನ ಫೈಲ್ ಮಾತ್ರ ಸುಮಾರು 4 ಜಿಬಿ. ಒಂದು ಚಿತ್ರಕ್ಕೆ ಎರಡು ಬೈಟ್ ಅಷ್ಟೇ ಬೀಳುತ್ತದೆ. ಅಷ್ಟರಲ್ಲಿ ಒಂದು ಚಿತ್ರವನ್ನು ಇಡಲು ಸಾಧ್ಯವೇ ಇಲ್ಲ. ಒಂದು ವಿನಾಯಿತಿ ಇದೆ. ಒಂದೇ ಚಿತ್ರ ಕಲಿಕೆಯ ರಾಶಿಯಲ್ಲಿ ನೂರಾರು ಸಲ ಬಂದಿದ್ದರೆ ಮಾಡೆಲ್ ಅದನ್ನು ಹೆಚ್ಚೂಕಡಿಮೆ ಬಾಯಿಪಾಠ ಮಾಡಿಬಿಡುತ್ತದೆ. ಅಂಥ ಚಿತ್ರಗಳನ್ನು ಹೊರಗೆ ತೆಗೆದು ತೋರಿಸಿದ ಸಂಶೋಧನೆ 2023ರಲ್ಲಿ ಬಂತು. ಅವು ತೀರ ಕಡಿಮೆ, ಆದರೆ ನಿಜವಾದವು.

## ಒಂದೇ ಏಟಿಗೆ ಯಾಕೆ ಆಗುವುದಿಲ್ಲ?

ಇಲ್ಲಿಯೇ ಇಡೀ ವಿಷಯದ ಗಂಟು ಇದೆ. ನಾಯ್ಸ್ ಯಾವುದೆಂದು ಹೇಳಬಲ್ಲ ನೆಟ್‌ವರ್ಕ್ ಸಿಕ್ಕಿತು. ಅದಕ್ಕೆ ಪೂರ್ತಿ ನಾಯ್ಸ್ ಕೊಟ್ಟು, ಅದು ಹೇಳಿದ್ದನ್ನೆಲ್ಲ ಒಮ್ಮೆಲೇ ಕಳೆದರೆ ಚಿತ್ರ ಬರಬೇಕಲ್ಲವೇ? ಹಾಗೆ ಮಾಡಿದರೆ ಬರುವುದು ಕಂದು-ಬೂದು ಬಣ್ಣದ ಒಂದು ಮಸುಕು ಮಾತ್ರ.

ಕಾರಣ ಹೀಗಿದೆ. ಬರೀ ಚುಕ್ಕಿಗಳನ್ನು ನೋಡಿದಾಗ, ಅವುಗಳ ಹಿಂದೆ ಯಾವ ಚಿತ್ರ ಬೇಕಾದರೂ ಇರಬಹುದು. ಕೊಡೆ ಎಡಗಡೆ ಇರಬಹುದು, ಬಲಗಡೆಯೂ ಇರಬಹುದು. ಎಡ ಎಂದು ಹೇಳಿ ತಪ್ಪಿದರೆ ದೊಡ್ಡ ದಂಡ. ಕಲಿಕೆಯಲ್ಲಿ ದಂಡ ತಪ್ಪಿಸಿಕೊಳ್ಳುವ ಕ್ಷೇಮದ ದಾರಿ ಎಂದರೆ ಎರಡೂ ಕಡೆ ಅರ್ಧರ್ಧ ಮಾಸಲು ಕೊಡೆ ಇಡುವುದು. ನೆಟ್‌ವರ್ಕ್ ಕೊಡುವುದು ಸಾಧ್ಯವಿರುವ ಎಲ್ಲ ಚಿತ್ರಗಳ ಸರಾಸರಿಯನ್ನು. ಸರಾಸರಿ ಯಾವಾಗಲೂ ಮಸುಕು.

ಮಳೆಗಾಲದಲ್ಲಿ ಮುಂಬಯಿಯಿಂದ ಪುಣೆಗೆ ಹೋಗುವಾಗ ಖಂಡಾಲ ಘಾಟಿಯ ಮಂಜು ನೆನಪಿಸಿಕೊಳ್ಳಿ. ಮುಂದೆ ಏನೋ ಬೂದು ಬಣ್ಣದ ಗುಡ್ಡೆ. ಬಂಡೆಯೋ ಲಾರಿಯೋ ಗೊತ್ತಾಗುವುದಿಲ್ಲ. ಒಂದಿಷ್ಟು ಮುಂದೆ ಹೋದರೆ ಲಾರಿ ಅಂತ ಗೊತ್ತಾಗುತ್ತದೆ. ಇನ್ನಷ್ಟು ಹತ್ತಿರವಾದರೆ ಹಿಂದಿನ ದೀಪ, ಕೊನೆಗೆ ನಂಬರ್ ಪ್ಲೇಟ್. ಡಿಫ್ಯೂಷನ್ ಕೂಡ ಹೀಗೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ, ಹೋದಲ್ಲೆಲ್ಲ ಹೊಸದಾಗಿ ಊಹೆ ಮಾಡುತ್ತದೆ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಘಾಟಿಯಲ್ಲಿ ಮಂಜಿನ ಹಿಂದೆ ನಿಜವಾದ ಲಾರಿ ಇತ್ತು. ಇಲ್ಲಿ ನಾಯ್ಸ್‌ನ ಹಿಂದೆ ಏನೂ ಇಲ್ಲ. ಲಾರಿ ಇರಬಹುದು ಎಂಬ ಊಹೆಯೇ ಬರಬರುತ್ತಾ ಲಾರಿಯಾಗುತ್ತದೆ.

ನಡೆಯುವುದು ಹೀಗೆ. ನೆಟ್‌ವರ್ಕ್ ಮಸುಕಾದ ಊಹೆ ಕೊಡುತ್ತದೆ. ಅದು ಹೇಳಿದ ನಾಯ್ಸ್‌ನ ಒಂದು ಸಣ್ಣ ಪಾಲು ಮಾತ್ರ ಕಳೆಯುತ್ತೇವೆ. ಆಗ ಚಿತ್ರ ಆ ಊಹೆಯ ಕಡೆಗೆ ಒಂಚೂರು ವಾಲುತ್ತದೆ. ಶುರುವಿನ ಚುಕ್ಕಿಗಳಲ್ಲಿ ಎಡಗಡೆ ಆಕಸ್ಮಿಕವಾಗಿ ಸ್ವಲ್ಪ ನೀಲಿ ಜಾಸ್ತಿ ಇತ್ತು ಎಂದುಕೊಳ್ಳಿ. ಎರಡನೇ ಸಲ ನೋಡುವಾಗ ನೆಟ್‌ವರ್ಕ್‌ಗೆ ಕೊಡೆ ಎಡಗಡೆ ಇರಬೇಕು ಅನ್ನಿಸುತ್ತದೆ. ಮುಂದಿನ ಹೆಜ್ಜೆಯಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಬಲಗಡೆಯ ಕೊಡೆ ತಾನಾಗಿ ಮಾಯ. ಸಾಧ್ಯತೆಗಳು ಕಡಿಮೆಯಾದಷ್ಟೂ ಸರಾಸರಿಯ ಮಸುಕು ಕಡಿಮೆಯಾಗುತ್ತದೆ.

ಹಾಗಾಗಿ ಮೊದಲ ಹೆಜ್ಜೆಗಳಲ್ಲಿ ನಿರ್ಧಾರವಾಗುವುದು ದೊಡ್ಡ ಸಂಗತಿಗಳು: ಆಕಾಶ ಎಲ್ಲಿ, ಸಮುದ್ರ ಎಲ್ಲಿ, ಹೆಂಗಸು ಎಲ್ಲಿ ನಿಂತಿದ್ದಾಳೆ. ಸೀರೆಯ ಅಂಚು, ಮಳೆಯ ಗೆರೆ, ಕಣ್ಣಿನ ಹೊಳಪು ಕೊನೆಯ ಹೆಜ್ಜೆಗಳಲ್ಲಿ ಬರುತ್ತವೆ. ಬಂದ ಚಿತ್ರದಲ್ಲಿ ಹೆಂಗಸಿಗೆ ಮೂರನೇ ಕೈ ಇದ್ದರೆ ಆ ತಪ್ಪು ಶುರುವಿನಲ್ಲೇ ಆಗಿಹೋಗಿರುವ ಸಾಧ್ಯತೆ ಹೆಚ್ಚು. ಹೆಜ್ಜೆಗಳನ್ನು ಹೆಚ್ಚಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಸ್ಪಷ್ಟವಾದ ಮೂರನೇ ಕೈ ಬರುತ್ತದೆ ಅಷ್ಟೇ. ಶುರುವಿನ ಚುಕ್ಕಿಗಳನ್ನೇ ಬದಲಿಸಬೇಕು. ಆ ಚುಕ್ಕಿಗಳನ್ನು ಹುಟ್ಟಿಸುವ ಸಂಖ್ಯೆಗೆ ಸೀಡ್ ಎನ್ನುತ್ತಾರೆ. ಸೀಡ್, ಸಾಲು, ಉಳಿದ ಸೆಟ್ಟಿಂಗ್ ಎಲ್ಲ ಅದೇ ಇಟ್ಟರೆ ಚಿತ್ರವೂ ಅದೇ ಬರುತ್ತದೆ.

ಕಲಿಯುವಾಗ 1000 ಮಟ್ಟಗಳಿದ್ದರೂ ಚಿತ್ರ ಮಾಡುವಾಗ ಅಷ್ಟೂ ಹೆಜ್ಜೆ ಇಡಬೇಕಿಲ್ಲ. ನಡುನಡುವೆ ಜಿಗಿಯುವ ದಾರಿ 2020ರಲ್ಲೇ ಸಿಕ್ಕಿತು. ಈ ಮಾಡೆಲ್‌ಗೆ ಸಾಮಾನ್ಯವಾಗಿ 50 ಹೆಜ್ಜೆ ಸಾಕು. ಐದಕ್ಕೆ ಇಳಿಸಿದರೆ ಮಸುಕು ಉಳಿಯುತ್ತದೆ. 50ರಿಂದ 150ಕ್ಕೆ ಏರಿಸಿದರೆ ಸಮಯ ಹೋಗುತ್ತದೆ, ಚಿತ್ರದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ.

## ಕೆಲಸ ನಡೆಯುವುದು ಚಿಕ್ಕ ಹಾಳೆಯ ಮೇಲೆ

ನಮಗೆ ಬೇಕಾದ ಚಿತ್ರ 512 ಚುಕ್ಕಿ ಅಗಲ, 512 ಚುಕ್ಕಿ ಎತ್ತರ. ಒಂದೊಂದು ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಒಟ್ಟು 7,86,432. ಪ್ರತಿ ಹೆಜ್ಜೆಯಲ್ಲೂ ಇಷ್ಟನ್ನು ಲೆಕ್ಕ ಹಾಕುವುದು ದುಬಾರಿ. ಅದಕ್ಕೇ ಸ್ಟೇಬಲ್ ಡಿಫ್ಯೂಷನ್ 64ಕ್ಕೆ 64 ಮನೆಗಳ ಚಿಕ್ಕ ಹಾಳೆಯ ಮೇಲೆ ಕೆಲಸ ಮಾಡುತ್ತದೆ, ಮನೆಗೆ ನಾಲ್ಕು ಸಂಖ್ಯೆ. ಒಟ್ಟು 16,384, ಅಂದರೆ 48 ಪಟ್ಟು ಕಡಿಮೆ. ಕೊನೆಗೆ ಡಿಕೋಡರ್ ಎಂಬ ಇನ್ನೊಂದು ನೆಟ್‌ವರ್ಕ್ ಇದನ್ನು ಪೂರ್ಣ ಚಿತ್ರವಾಗಿ ಬಿಡಿಸುತ್ತದೆ. ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲೂ ಇದು ಓಡುವುದು ಈ ಉಳಿತಾಯದಿಂದ. ಉಳಿತಾಯಕ್ಕೆ ತೆರುವ ಬೆಲೆ ಏನೆಂದು ಕನ್ನಡ ಅಕ್ಷರದ ಮಾತು ಬಂದಾಗ ಹೇಳುತ್ತೇನೆ.

## ಬರೆದ ಸಾಲು ಚಿತ್ರವನ್ನು ತಲುಪುವುದು ಹೀಗೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ನಮ್ಮ ಸಾಲಿಗೆ ಕೆಲಸವೇ ಇರಲಿಲ್ಲ. ಸುಮ್ನೆ ನಾಯ್ಸ್ ಕಳೆಯುತ್ತಾ ಹೋದರೆ ಏನೋ ಒಂದು ಚಿತ್ರ ಬರುತ್ತದೆ, ನಾವು ಕೇಳಿದ್ದಲ್ಲ.

ಮೊದಲು ಸಾಲನ್ನು ಟೋಕನ್ ಎಂಬ ತುಂಡುಗಳಾಗಿ ಒಡೆಯುತ್ತಾರೆ. ನಮ್ಮ ಸಾಲಿನಲ್ಲಿ ಹೆಚ್ಚೂಕಡಿಮೆ ಒಂದು ಪದಕ್ಕೆ ಒಂದು ತುಂಡು. ಒಟ್ಟು 77 ಜಾಗಗಳಿವೆ. ಶುರು ಮತ್ತು ಕೊನೆಯ ಗುರುತುಗಳನ್ನು ಬಿಟ್ಟರೆ ನಮಗೆ ಸಿಗುವುದು 75. ಅದಕ್ಕಿಂತ ಉದ್ದ ಬರೆದರೆ ಉಳಿದದ್ದನ್ನು ಮೂಲ ಮಾಡೆಲ್ ಓದುವುದೇ ಇಲ್ಲ. ಆಮೇಲೆ ಕ್ಲಿಪ್ ಎಂಬ ಮಾಡೆಲ್ ಪ್ರತಿ ತುಂಡನ್ನೂ 768 ಸಂಖ್ಯೆಗಳ ಪಟ್ಟಿಯಾಗಿ ಬದಲಿಸುತ್ತದೆ. ಓಪನ್‌ಎಐ 2021ರಲ್ಲಿ 40 ಕೋಟಿ ಚಿತ್ರ-ಬರಹ ಜೋಡಿಗಳ ಮೇಲೆ ಅದಕ್ಕೆ ಕಲಿಸಿತ್ತು. ಯಾವ ಬರಹ ಯಾವ ಚಿತ್ರಕ್ಕೆ ಹೊಂದುತ್ತದೆ ಎಂದು ಗುರುತಿಸುವುದೇ ಅದರ ಪಾಠ. ಹಾಗಾಗಿ ಅದು ಕೊಡುವ ಸಂಖ್ಯೆಗಳಲ್ಲಿ ಪದದ ಕಣ್ಣಿಗೆ ಕಾಣುವ ಅರ್ಥ ಇರುತ್ತದೆ.

ಈ ಪಟ್ಟಿಗಳು ನಾಯ್ಸ್ ಊಹಿಸುವ ನೆಟ್‌ವರ್ಕ್‌ನ ಒಳಗೆ ಹೋಗುತ್ತವೆ. ಅಲ್ಲಿ ಚಿತ್ರದ ಪ್ರತಿಯೊಂದು ಜಾಗವೂ 77 ತುಂಡುಗಳಲ್ಲಿ ತನಗೆ ಯಾವುದು ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕುತ್ತದೆ. ಮೇಲಿನ ಗುಂಡಗಿನ ಕಲೆಗೆ `umbrella` ಹೆಚ್ಚು ಹೊಂದಬಹುದು, ಕೆಳಗಿನ ಉದ್ದ ಕಲೆಗೆ `saree`. ಹೆಚ್ಚು ಹೊಂದಿದ ಪದದಿಂದ ಆ ಜಾಗ ಹೆಚ್ಚು ಮಾಹಿತಿ ಎಳೆದುಕೊಂಡು, ಅದಕ್ಕೆ ತಕ್ಕಂತೆ ನಾಯ್ಸ್ ಊಹಿಸುತ್ತದೆ. ಇದಕ್ಕೆ ಕ್ರಾಸ್ ಅಟೆನ್ಷನ್ ಎಂದು ಹೆಸರು. ಇದು ನೆಟ್‌ವರ್ಕ್‌ನ ಹಲವು ಪದರಗಳಲ್ಲಿ, ಪ್ರತಿ ಹೆಜ್ಜೆಯಲ್ಲೂ ನಡೆಯುತ್ತದೆ.

## ಮಾತಿಗೆ ತೂಕ ಕೊಡುವ 7.5

ವಿಚಿತ್ರವೆಂದರೆ ಇಷ್ಟೆಲ್ಲ ಮಾಡಿದರೂ ಚಿತ್ರ ನಮ್ಮ ಮಾತನ್ನು ಅರೆಮನಸ್ಸಿನಿಂದ ಕೇಳಿದ ಹಾಗಿರುತ್ತದೆ. ಹೆಂಗಸು ಬರಬಹುದು, ಕೊಡೆ ಇಲ್ಲದಿರಬಹುದು. ಇದಕ್ಕೆ ಜೊನಾಥನ್ ಹೋ ಮತ್ತು ಟಿಮ್ ಸಾಲಿಮನ್ಸ್ ಕಂಡುಕೊಂಡ ಉಪಾಯ ಬಹಳ ಸರಳ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಚಂದ ಕಾಣುವ ಭಾಗ ಇದೇ.

ಕಲಿಸುವಾಗ ಪ್ರತಿ ಫೋಟೋದ ಜೊತೆ ಅದರ ವಿವರಣೆಯನ್ನೂ ನೆಟ್‌ವರ್ಕ್‌ಗೆ ಕೊಡುತ್ತಾರೆ. ಆಗಾಗ, ಸುಮಾರು ಹತ್ತರಲ್ಲಿ ಒಂದು ಸಲ, ಆ ವಿವರಣೆಯನ್ನು ಅಳಿಸಿ ಖಾಲಿ ಕೊಡುತ್ತಾರೆ. ಹೀಗಾಗಿ ಒಂದೇ ನೆಟ್‌ವರ್ಕ್ ಎರಡು ಬಗೆಯಲ್ಲಿ ಕೆಲಸ ಮಾಡಲು ಕಲಿಯುತ್ತದೆ: ಸಾಲನ್ನು ಓದಿ ಊಹಿಸುವುದು, ಏನೂ ಓದದೆ ಊಹಿಸುವುದು. ಚಿತ್ರ ಮಾಡುವಾಗ ಪ್ರತಿ ಹೆಜ್ಜೆಯಲ್ಲೂ ಎರಡೂ ಊಹೆಗಳನ್ನು ಕೇಳುತ್ತಾರೆ. ಅವುಗಳ ನಡುವಿನ ವ್ಯತ್ಯಾಸ ಏನು ಹೇಳುತ್ತದೆ? ನಮ್ಮ ಸಾಲಿನಿಂದಾಗಿ ಏನು ಬದಲಾಯಿತು ಎಂಬುದನ್ನು. ಆ ವ್ಯತ್ಯಾಸವನ್ನು ಸಾಮಾನ್ಯವಾಗಿ 7.5 ಪಟ್ಟು ಹಿಗ್ಗಿಸುತ್ತಾರೆ:

```
noise = noise_empty + 7.5 * (noise_text - noise_empty)
```

ಒಂದು ಮನೆಯಲ್ಲಿ ಖಾಲಿ ಊಹೆ 0.30, ಸಾಲು ಓದಿದ ಊಹೆ 0.34 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.04. ಅದನ್ನು 7.5ರಿಂದ ಗುಣಿಸಿದರೆ 0.30. ಬಳಸುವ ಸಂಖ್ಯೆ 0.60. ಅಂದರೆ ಸಾಲು ಓದಿದ ಊಹೆಯನ್ನೂ ದಾಟಿ, ಅದು ತೋರಿಸಿದ ದಿಕ್ಕಿನಲ್ಲೇ ಬಹಳ ದೂರ ಹೋಗುತ್ತೇವೆ. 50 ಹೆಜ್ಜೆಗೆ ನೆಟ್‌ವರ್ಕ್ 100 ಸಲ ಓಡಬೇಕಾಗುವುದು ಈ ಎರಡೆರಡು ಊಹೆಗಳಿಂದ.

ಈ ತೂಕಕ್ಕೆ ಗೈಡೆನ್ಸ್ ಸ್ಕೇಲ್ ಎನ್ನುತ್ತಾರೆ. ಸೀಡ್ ಅದೇ ಇಟ್ಟು ಇದೊಂದನ್ನೇ ಬದಲಿಸಿ ನೋಡಿದರೆ ಅದರ ಕೆಲಸ ಕಣ್ಣಿಗೇ ಕಾಣುತ್ತದೆ. 1 ಇಟ್ಟರೆ ಹಿಗ್ಗಿಸುವುದೇ ಇಲ್ಲ, ಚಿತ್ರ ಸಡಿಲ, ಕೇಳಿದ್ದು ಅರ್ಧ ಬರುತ್ತದೆ. 20 ಇಟ್ಟರೆ ಕೆಂಪು ಉರಿಯುವಷ್ಟು ಕೆಂಪಾಗುತ್ತದೆ, ನೆರಳು-ಬೆಳಕು ಗಡುಸಾಗುತ್ತದೆ, ಮುಖ ಸುಟ್ಟ ಹಾಗೆ ಕಾಣುತ್ತದೆ. ಕಲಿಯುವಾಗ ನೋಡಿದ ಸಂಖ್ಯೆಗಳ ಎಲ್ಲೆಯಿಂದ ಚಿತ್ರವನ್ನು ಹೊರಗೆ ತಳ್ಳಿರುತ್ತೇವೆ, ಅದಕ್ಕೇ ಹಾಗೆ. ಪೋಸ್ಟರಿನಲ್ಲಿ ಬಣ್ಣ ಕಣ್ಣು ಕುಕ್ಕುವಂತಿದ್ದರೆ ಈ ಸಂಖ್ಯೆಯನ್ನೂ ಒಮ್ಮೆ ಇಳಿಸಿ ನೋಡಬೇಕು.

ಬೇಡದ್ದನ್ನು ಹೇಳಲು ಇರುವ ನೆಗೆಟಿವ್ ಪ್ರಾಂಪ್ಟ್ ಕೂಡ ಇದೇ ಸೂತ್ರ. ಖಾಲಿಯ ಜಾಗದಲ್ಲಿ `car` ಎಂದು ಇಟ್ಟರೆ, ಕಾರು ಇರುವ ಚಿತ್ರದಿಂದ ದೂರ ಹೋಗುವ ದಿಕ್ಕು ಸಿಗುತ್ತದೆ. ಅದರ ಬದಲು ಮುಖ್ಯ ಸಾಲಿನಲ್ಲೇ `no cars` ಎಂದು ಬರೆದರೆ ಕಾರೇ ಬರುವ ಸಂಭವ ಜಾಸ್ತಿ. ಕ್ಲಿಪ್‌ಗೆ ಕಾರಿನ ಪದ ಚೆನ್ನಾಗಿ ಗೊತ್ತು, ಇಲ್ಲ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಚಿತ್ರದ ಕೆಳಗೆ ಅದರಲ್ಲಿ ಏನಿಲ್ಲ ಎಂದು ಬರೆಯುವವರು ಬಹಳ ಕಡಿಮೆ, ಅಲ್ವಾ?

## ಬಣ್ಣ ಸೋರುತ್ತದೆ, ಕತ್ತಲೆ ಬರುವುದಿಲ್ಲ

ನಮ್ಮ ಸಾಲಿಗೆ ಹಲವು ಚಿತ್ರ ತೆಗೆದರೆ ಕೆಲವದರಲ್ಲಿ ಸೀರೆ ನೀಲಿ, ಕೊಡೆ ಕೆಂಪು ಆಗಿರುತ್ತದೆ. ಕೆಲವದರಲ್ಲಿ ಎರಡೂ ಕೆಂಪು. ಕ್ರಾಸ್ ಅಟೆನ್ಷನ್‌ನಲ್ಲಿ ಕೆಂಪು ಸೀರೆಗೆ ಮಾತ್ರ ಸೇರಿದ್ದು ಎಂದು ಕಟ್ಟಿಹಾಕುವ ನಿಯಮ ಯಾವುದೂ ಇಲ್ಲ. ಕೊಡೆಯ ಜಾಗವೂ `red` ಎಂಬ ತುಂಡಿನಿಂದ ಮಾಹಿತಿ ಎಳೆಯಬಹುದು. ಯಾವ ಬಣ್ಣ ಯಾರದ್ದು ಎಂಬ ಗುರುತು ಕ್ಲಿಪ್‌ನ ಸಂಖ್ಯೆಗಳಲ್ಲೂ ದುರ್ಬಲವಾಗಿದೆ. ವಸ್ತುಗಳು, ಬಣ್ಣಗಳು ಹೆಚ್ಚಾದಷ್ಟೂ ಈ ಸೋರಿಕೆ ಹೆಚ್ಚು.

ಇನ್ನೊಂದು ತೊಂದರೆ ಅಷ್ಟು ಸುಲಭಕ್ಕೆ ಕಾಣದು. ಸಂಜೆಯ ಬದಲು ಕರೆಂಟ್ ಹೋದ ಅಮಾವಾಸ್ಯೆ ರಾತ್ರಿ ಕೇಳಿ ನೋಡಿ. ಈ ಆವೃತ್ತಿ ಎಲ್ಲಿಂದಲೋ ಬೆಳಕು ತಂದು ತುಂಬುತ್ತದೆ. ಚಿತ್ರದ ಒಟ್ಟು ಬೆಳಕು ನಡುಮಟ್ಟಕ್ಕೇ ಬಂದು ನಿಲ್ಲುತ್ತದೆ. ಇದರ ಬೇರು ಕಲಿಕೆಯಲ್ಲಿದೆ. 1000ನೇ ಮಟ್ಟದಲ್ಲೂ ಫೋಟೋದ ಪಾಲು ಸೊನ್ನೆಯಾಗಿರಲಿಲ್ಲ, ಸುಮಾರು 0.07 ಉಳಿದಿತ್ತು. ಅಷ್ಟರಲ್ಲಿ ಕೊಡೆ, ಸೀರೆ ಯಾವುದೂ ತಿಳಿಯದು. ಆದರೆ ಎಲ್ಲ ಚುಕ್ಕಿಗಳನ್ನೂ ಒಟ್ಟು ನೋಡಿದರೆ ಮೂಲ ಫೋಟೋ ಕತ್ತಲೆಯದೋ ಬೆಳಕಿನದೋ ಎಂದು ಮಾತ್ರ ತಿಳಿಯುತ್ತದೆ. ನೆಟ್‌ವರ್ಕ್ ಆ ಸುಳಿವನ್ನೇ ನಂಬಲು ಕಲಿತುಬಿಟ್ಟಿತು. ಚಿತ್ರ ಮಾಡುವಾಗ ನಾವು ಕೊಡುವ ಶುದ್ಧ ನಾಯ್ಸ್‌ನ ಸರಾಸರಿ ಯಾವಾಗಲೂ ನಡುಮಟ್ಟದ್ದು. ಹಾಗಾಗಿ ನಡುಮಟ್ಟದ ಬೆಳಕಿನ ಚಿತ್ರವೇ ಬೇಕು ಎಂದು ಅದು ತಿಳಿಯುತ್ತದೆ. 2023ರಲ್ಲಿ ಸಂಶೋಧಕರು ಇದನ್ನು ಗುರುತಿಸಿ, ಕೊನೆಯ ಮಟ್ಟದಲ್ಲಿ ಫೋಟೋದ ಪಾಲನ್ನು ಸೊನ್ನೆ ಮಾಡಿ ಕಲಿಸಿದರು. ಆಗ ಕಪ್ಪು ಕಪ್ಪಾಗಿಯೇ ಬಂತು.

## ಕನ್ನಡ ಅಕ್ಷರ ಯಾಕೆ ಕೆಡುತ್ತದೆ?

ಇದಕ್ಕೆ ಒಂದರ ಮೇಲೊಂದು ಕಾರಣಗಳಿವೆ. ಕ್ಲಿಪ್ ಓದಿದ ಬರಹ ಬಹುಪಾಲು ಇಂಗ್ಲಿಷ್. ಸಾಲನ್ನು ಕನ್ನಡದಲ್ಲಿ ಬರೆದರೆ ಅದು ಪದವನ್ನು ಬೈಟ್‌ಗಳಾಗಿ ಚೂರು ಮಾಡುತ್ತದೆ. ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದವೇ 15 ಬೈಟ್. 75 ಜಾಗಗಳು ಬೇಗ ತುಂಬುತ್ತವೆ, ಚೂರುಗಳಿಗೆ ಅರ್ಥವೂ ಹೊಂದಿಕೊಂಡಿರುವುದಿಲ್ಲ. ‘ಕೆಂಪು ಸೀರೆ’ ಎಂದು ಬರೆದರೆ ಸಂಬಂಧವಿಲ್ಲದ ಚಿತ್ರ ಬರುವುದು ಇದರಿಂದ.

ಇಂಗ್ಲಿಷ್‌ನಲ್ಲಿ ಕೇಳಿ, ಫಲಕದ ಮೇಲೆ ಕನ್ನಡ ಬೇಕು ಎಂದರೂ ಗೆಲ್ಲುವುದಿಲ್ಲ. ಫಲಕಗಳಲ್ಲಿ ಕನ್ನಡ ಇರುವ ಫೋಟೋಗಳು ಆ ರಾಶಿಯಲ್ಲಿ ಅತಿ ಕಡಿಮೆ. ದುಂಡಗಿನ ಗೆರೆಗಳು ಇರಬೇಕು ಎಂಬಷ್ಟು ಮಾತ್ರ ಮಾಡೆಲ್ ಕಲಿತಿರುತ್ತದೆ. ಮೊದಲೇ ಹೇಳಿದ ಚಿಕ್ಕ ಹಾಳೆ ಉಳಿದದ್ದನ್ನು ಕೆಡಿಸುತ್ತದೆ. ಪೂರ್ಣ ಚಿತ್ರದ 8ಕ್ಕೆ 8 ಚುಕ್ಕಿಗಳ ಒಂದು ಚೌಕದಲ್ಲಿ 192 ಸಂಖ್ಯೆಗಳಿರುತ್ತವೆ, ಚಿಕ್ಕ ಹಾಳೆಯಲ್ಲಿ ಅದಕ್ಕೆ ಸಿಗುವುದು ನಾಲ್ಕೇ. ಸೀರೆಯ ಬಟ್ಟೆಗೆ ಅಷ್ಟು ಸಾಕು, ನೆರಿಗೆ ಒಂಚೂರು ಆಚೀಚೆ ಆದರೆ ಯಾರಿಗೂ ತಿಳಿಯದು. ಒತ್ತಕ್ಷರಕ್ಕೆ ಸಾಲದು. ‘ನ್ನ’ದ ಕೆಳಗಿನ ಒತ್ತು ಇಡಿಯಾಗಿ ಅಂಥ ಒಂದು ಚೌಕದಲ್ಲಿ ಮುಗಿದುಹೋಗಬಹುದು. ಅಲ್ಲಿ ಗೆರೆ ಸ್ವಲ್ಪ ಬಾಗಿದರೂ ಅಕ್ಷರ ಬೇರೆಯಾಗುತ್ತದೆ.

2024ರ ಸ್ಟೇಬಲ್ ಡಿಫ್ಯೂಷನ್ 3ರಲ್ಲಿ ಕ್ಲಿಪ್ ಜೊತೆಗೆ ಟಿ5 ಎಂಬ ದೊಡ್ಡ ಭಾಷಾ ಮಾಡೆಲ್ ಸೇರಿಸಿದರು. ಚಿಕ್ಕ ಹಾಳೆಯ ಒಂದು ಮನೆಗೆ 4ರ ಬದಲು 16 ಸಂಖ್ಯೆ ಕೊಟ್ಟರು. ಇಂಗ್ಲಿಷ್ ಅಕ್ಷರಗಳು ಎಷ್ಟೋ ಸುಧಾರಿಸಿದವು. ನಮ್ಮ ಅಕ್ಷರಕ್ಕೆ ಇಷ್ಟೇ ಸಾಲದು, ಕನ್ನಡ ಬರಹ ಇರುವ ಚಿತ್ರಗಳೂ ಕಲಿಕೆಗೆ ಸಾಕಷ್ಟು ಸಿಗಬೇಕು. ಸಂಘದ ಪೋಸ್ಟರ್ ಮಾಡುವವರು ಇಂಥ ಮಾಡೆಲ್ ಬಳಸುವುದಾದರೆ ಫಲಕ, ಬ್ಯಾನರ್ ಇಲ್ಲದ ಚಿತ್ರವನ್ನೇ ಕೇಳಿ, ಮೇಲ್ಗಡೆ ಆಕಾಶಕ್ಕೆ ಜಾಗ ಬಿಡಿಸಿಕೊಂಡು, ಕಾರ್ಯಕ್ರಮದ ಹೆಸರು, ತಾರೀಖು, ಸಭಾಂಗಣದ ವಿಳಾಸವನ್ನು ಆಮೇಲೆ ಕನ್ನಡ ಫಾಂಟ್‌ನಲ್ಲಿ ತಾವೇ ಹಾಕುವುದು ಸರಿ.